ಪ್ರಶ್ನೆಗೆ ಮೊದಲು ಕೋಷ್ಟಕದ ಓದು

ಪ್ರಶ್ನೆ: ಅರ್ಥಶಾಸ್ತ್ರದ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದೇನೆ. ಸಿದ್ಧಾಂತದ ಪ್ರಶ್ನೆಗಳಿಗೆ ಅಂಕ ಬರುತ್ತದೆ. ಆದರೆ ಕೋಷ್ಟಕವನ್ನೋ ನಕ್ಷೆಯನ್ನೋ ಕೊಟ್ಟು ಕೇಳಿದರೆ, ಅದರಲ್ಲಿರುವ ಅಂಕಿಗಳನ್ನೆಲ್ಲ ಬರೆದರೂ ಅರ್ಧದಷ್ಟು ಅಂಕವೂ ಸಿಗುವುದಿಲ್ಲ. ಬರೆಯುವ ಮೊದಲು ಕೋಷ್ಟಕವನ್ನು ಹೇಗೆ ಓದಬೇಕು?

ಉತ್ತರ: ಕೋಷ್ಟಕದ ಅಂಕಿಗಳನ್ನು ವಾಕ್ಯಗಳಾಗಿ ಬಿಡಿಸಿ ಬರೆದರೆ ಮೌಲ್ಯಮಾಪಕನಿಗೆ ಹೊಸದೇನೂ ತಿಳಿಯುವುದಿಲ್ಲ, ಏಕೆಂದರೆ ಆ ಅಂಕಿಗಳು ಪ್ರಶ್ನೆಪತ್ರಿಕೆಯಲ್ಲಿ ಅವನ ಮುಂದೆಯೇ ಇರುತ್ತವೆ. ಅವನು ಹುಡುಕುವುದು ಒಂದು ಅಂಕಿಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ನೀವು ಕಂಡಿದ್ದೀರೋ ಇಲ್ಲವೋ ಎಂಬುದನ್ನು. ನಾನು ತಿದ್ದಿದ ಉತ್ತರಗಳಲ್ಲಿ ಈ ಬಗೆಯ ಪ್ರಶ್ನೆಗೆ ಅಂಕ ಹೋದದ್ದು ಲೆಕ್ಕದ ತಪ್ಪಿನಿಂದಲ್ಲ, ಬಹುಮಟ್ಟಿಗೆ ಒಂದೇ ಗೊಂದಲದಿಂದ. ಒಂದು ಮೊತ್ತ ಎಷ್ಟಿದೆ ಎನ್ನುವುದು ಬೇರೆ, ಅದು ಯಾವ ದರದಲ್ಲಿ ಬದಲಾಗುತ್ತಿದೆ ಎನ್ನುವುದು ಬೇರೆ. ಇವೆರಡನ್ನೂ ಬೇರ್ಪಡಿಸದೆ ಬರೆಯುವವರು ಸರಿಯಾದ ಅಂಕಿಗಳಿಂದಲೇ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಆದ್ದರಿಂದ ಹತ್ತು ಬಗೆಯ ಸಲಹೆಗಳನ್ನು ಕೊಡುವ ಬದಲು, ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಮಾದರಿಯ ಒಂದೇ ಕೋಷ್ಟಕವನ್ನು ಹಿಡಿದು ಕೊನೆಯವರೆಗೂ ಓದಿ ತೋರಿಸುತ್ತೇನೆ. ದೇಶವೂ ಅಂಕಿಗಳೂ ಕಲ್ಪಿತವಾದವು. ಲೆಕ್ಕ ಸುಲಭವಾಗಲೆಂದು ನಾನೇ ಆಯ್ದುಕೊಂಡಿದ್ದೇನೆ.

| ವರ್ಷ | ಚಾಲ್ತಿ ಬೆಲೆಗಳಲ್ಲಿ ಜಿಡಿಪಿ (ಸಾವಿರ ಕೋಟಿ) | ಜಿಡಿಪಿ ಡಿಫ್ಲೇಟರ್ (ವರ್ಷ 1 = 100) | ಜನಸಂಖ್ಯೆ (ಕೋಟಿ) |
|---|---|---|---|
| 1 | 400 | 100 | 5.0 |
| 2 | 440 | 104 | 5.1 |
| 3 | 495 | 110 | 5.2 |
| 4 | 540 | 120 | 5.3 |
| 5 | 572 | 130 | 5.4 |

ಇದರ ಕೆಳಗೆ ಪ್ರಶ್ನೆ ಹೀಗಿದೆ ಎಂದುಕೊಳ್ಳೋಣ: «ಕೋಷ್ಟಕದ ಆಧಾರದಿಂದ ಈ ಐದು ವರ್ಷಗಳಲ್ಲಿ ಜನರ ಸರಾಸರಿ ಜೀವನಮಟ್ಟದಲ್ಲಿ ಆದ ಬದಲಾವಣೆಯನ್ನು ವಿಶ್ಲೇಷಿಸಿ.» ಅಭ್ಯಾಸದ ಸಮಯದಲ್ಲಿ ಈ ವಾಕ್ಯವನ್ನು ಕಾಗದದಿಂದ ಮುಚ್ಚಿಟ್ಟು, ಮೊದಲು ಕೋಷ್ಟಕವನ್ನಷ್ಟೇ ನೋಡಿ. ಪ್ರಶ್ನೆಯನ್ನು ಮೊದಲೇ ಓದಿದರೆ ಕಣ್ಣು ಅದರಲ್ಲಿರುವ ಪದಕ್ಕೆ ಹೊಂದುವ ಕಂಬಸಾಲನ್ನು ಮಾತ್ರ ಹುಡುಕುತ್ತದೆ. ಜೀವನಮಟ್ಟ ಎಂದೊಡನೆ ಜಿಡಿಪಿಯ ಸಾಲಿಗೆ ಹೋಗಿ ನಿಲ್ಲುತ್ತದೆ, ಉಳಿದ ಎರಡು ಸಾಲುಗಳನ್ನು ಏಕೆ ಕೊಟ್ಟಿದ್ದಾರೆ ಎಂಬ ಯೋಚನೆಯೇ ಬರುವುದಿಲ್ಲ. ಪರೀಕ್ಷೆಯ ದಿನ ಪ್ರಶ್ನೆಯನ್ನು ಮೊದಲು ನೋಡುವುದರಲ್ಲಿ ತಪ್ಪಿಲ್ಲ. ಮುಚ್ಚಿ ಓದುವುದು ಅಭ್ಯಾಸಕ್ಕಾಗಿ.

ಮೊದಲು ಓದಬೇಕಾದದ್ದು ಅಂಕಿಗಳನ್ನಲ್ಲ, ಅಂಕಿಗಳ ಮೇಲಿನ ಸಾಲನ್ನು. ಪ್ರತಿ ಕಂಬಸಾಲಿನ ತಲೆಬರಹವನ್ನು ಒಂದು ಪೂರ್ಣ ವಾಕ್ಯವಾಗಿ ಹೇಳಿಕೊಳ್ಳಿ. ಮೊದಲನೆಯದು: «ವರ್ಷ 5ರಲ್ಲಿ ಉತ್ಪಾದನೆಯಾದ ಅಂತಿಮ ಸರಕು ಸೇವೆಗಳನ್ನು ಅದೇ ವರ್ಷದ ಬೆಲೆಯಲ್ಲಿ ಅಳೆದಾಗ ಅವುಗಳ ಮೌಲ್ಯ 572 ಸಾವಿರ ಕೋಟಿ.» ಹೀಗೆ ಹೇಳಿಕೊಂಡ ಕೂಡಲೇ «ಅದೇ ವರ್ಷದ ಬೆಲೆಯಲ್ಲಿ» ಎಂಬ ಮಾತು ತಡೆಯುತ್ತದೆ. ಉತ್ಪಾದನೆ ಹೆಚ್ಚಿದ್ದರಿಂದಲೂ ಈ ಮೌಲ್ಯ ಏರಿರಬಹುದು, ಬೆಲೆ ಹೆಚ್ಚಿದ್ದರಿಂದಲೂ ಏರಿರಬಹುದು. ಎರಡನೆಯದು: «ವರ್ಷ 1ರ ಬೆಲೆಮಟ್ಟವನ್ನು 100 ಎಂದು ಇಟ್ಟುಕೊಂಡರೆ ವರ್ಷ 5ರ ಬೆಲೆಮಟ್ಟ 130.» ಇದು ಹಣವಲ್ಲ, ಶೇಕಡಾವಾರು ದರವೂ ಅಲ್ಲ, ಒಂದು ಆಧಾರ ವರ್ಷಕ್ಕೆ ಹೋಲಿಸಿದ ಸೂಚ್ಯಂಕ. ಆಧಾರ ವರ್ಷ ಯಾವುದೆಂದು ನೋಡದೆ ಸೂಚ್ಯಂಕದ ಒಂದೇ ಒಂದು ಅಂಕಿಯನ್ನೂ ಉತ್ತರದಲ್ಲಿ ಬಳಸಬಾರದು.

ಇನ್ನು ಏಕಮಾನಗಳು. ಜಿಡಿಪಿ ಸಾವಿರ ಕೋಟಿಗಳಲ್ಲಿದೆ, ಜನಸಂಖ್ಯೆ ಕೋಟಿಗಳಲ್ಲಿದೆ. 400 ಅನ್ನು 5ರಿಂದ ಭಾಗಿಸಿದರೆ 80 ಬರುತ್ತದೆ, ಆದರೆ ಅದು 80 ಸಾವಿರ. ಕೋಟಿಗೆ ಕೋಟಿ ಹೊಡೆದುಹೋಗಿ ಸಾವಿರ ಉಳಿಯುತ್ತದೆ. ತಲಾ ಆದಾಯ 80 ಎಂದು ಬರೆದ ಉತ್ತರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವರ್ಷಕ್ಕೆ 80ರಲ್ಲಿ ಬದುಕುವ ಮನುಷ್ಯನನ್ನು ಕಲ್ಪಿಸಿಕೊಂಡಿದ್ದರೆ ಬರೆದವರಿಗೇ ಅನುಮಾನ ಬರಬೇಕಿತ್ತು.

ಈಗ ಪ್ರಶ್ನೆಯ ಮೇಲಿನ ಕಾಗದವನ್ನು ತೆಗೆಯಿರಿ. ಅದರಲ್ಲಿ ಮೂರು ಪದಗಳಿಗೆ ತೂಕವಿದೆ. «ಜೀವನಮಟ್ಟ» ಎಂದಿರುವುದರಿಂದ ಬೆಲೆಯೇರಿಕೆಯನ್ನು ಕಳೆಯಬೇಕು. ಹಣದ ಮೊತ್ತ ಏರಿದ ಮಾತ್ರಕ್ಕೆ ಯಾರ ಕೈಗೂ ಹೆಚ್ಚಿನ ಸರಕು ಬರುವುದಿಲ್ಲ. «ಸರಾಸರಿ» ಎಂದಿರುವುದರಿಂದ ಜನಸಂಖ್ಯೆಯಿಂದ ಭಾಗಿಸಬೇಕು. «ವಿಶ್ಲೇಷಿಸಿ» ಎಂದಿರುವುದರಿಂದ ಮೊದಲ ಮತ್ತು ಕೊನೆಯ ವರ್ಷಗಳನ್ನು ಹೋಲಿಸಿದರೆ ಸಾಲದು, ನಡುವೆ ಎಲ್ಲಿ ದಿಕ್ಕು ಬದಲಾಯಿತು ಎಂದೂ ಹೇಳಬೇಕು. ಮೂರು ಕಂಬಸಾಲುಗಳನ್ನೂ ಕೊಟ್ಟಿರುವುದು ಏಕೆಂದು ಈಗ ತಿಳಿಯುತ್ತದೆ. ಪರೀಕ್ಷೆಯ ಕೋಷ್ಟಕದಲ್ಲಿ ಸುಮ್ಮನೆ ಕೊಟ್ಟ ಸಾಲು ಇರುವುದು ಅಪರೂಪ. ನಿಮ್ಮ ಉತ್ತರ ಒಂದು ಇಡೀ ಸಾಲನ್ನು ಮುಟ್ಟದೆ ಮುಗಿದಿದ್ದರೆ ಬರೆದದ್ದನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಲೆಕ್ಕ ದೊಡ್ಡದಲ್ಲ. ಚಾಲ್ತಿ ಬೆಲೆಗಳ ಜಿಡಿಪಿಯನ್ನು ಡಿಫ್ಲೇಟರ್‌ನಿಂದ ಭಾಗಿಸಿ 100ರಿಂದ ಗುಣಿಸಿದರೆ ವರ್ಷ 1ರ ಬೆಲೆಗಳಲ್ಲಿ ನೈಜ ಜಿಡಿಪಿ ಸಿಗುತ್ತದೆ. ಐದು ವರ್ಷಗಳಿಗೆ ಅದು ಕ್ರಮವಾಗಿ 400, 423, 450, 450 ಮತ್ತು 440 ಸಾವಿರ ಕೋಟಿ. ಇದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ನೈಜ ಜಿಡಿಪಿ ಸುಮಾರು 80,000, 83,000, 86,500, 84,900 ಮತ್ತು 81,500. ಕೋಷ್ಟಕದಲ್ಲಿ ಎಲ್ಲ ಸಾಲುಗಳೂ ಮೇಲಿನಿಂದ ಕೆಳಕ್ಕೆ ಏರುತ್ತಲೇ ಇದ್ದವು. ಅವುಗಳಿಂದ ಹೊರಬಂದ ಈ ಸಾಲು ಮಾತ್ರ ಮೂರನೆಯ ವರ್ಷದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಪ್ರಶ್ನೆ ತೆಗೆದವರು ಅಡಗಿಸಿಟ್ಟದ್ದು ಇದನ್ನೇ. ಚಾಲ್ತಿ ಬೆಲೆಗಳಲ್ಲಿ ಶೇ. 43ರಷ್ಟು ಕಾಣುವ ಏರಿಕೆ ಬೆಲೆಯನ್ನು ಕಳೆದಾಗ ಶೇ. 10ಕ್ಕೆ ಇಳಿಯುತ್ತದೆ, ತಲಾ ಲೆಕ್ಕಕ್ಕೆ ಬಂದಾಗ ಶೇ. 2ಕ್ಕಿಂತ ತುಸು ಕಡಿಮೆಯಾಗುತ್ತದೆ.

ಕ್ಯಾಲ್ಕ್ಯುಲೇಟರ್ ಬಳಸಲು ಬಿಡದ ಪರೀಕ್ಷೆಗಳಲ್ಲಿ ಒಂದು ಒಳದಾರಿ ಇದೆ: ಚಾಲ್ತಿ ಬೆಲೆಗಳ ಬೆಳವಣಿಗೆ ದರದಿಂದ ಬೆಲೆಯೇರಿಕೆಯ ದರವನ್ನು ಕಳೆದರೆ ನೈಜ ಬೆಳವಣಿಗೆ ಹತ್ತಿರ ಹತ್ತಿರ ಸಿಗುತ್ತದೆ. ಮೂರನೆಯ ವರ್ಷಕ್ಕೆ ಶೇ. 12.5ರಲ್ಲಿ 5.8 ಕಳೆದರೆ 6.7 ಬರುತ್ತದೆ, ಸರಿಯಾದ ಲೆಕ್ಕ 6.4. ದರಗಳು ಚಿಕ್ಕದಿದ್ದಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಆದರೆ ಬೆಲೆಯೇರಿಕೆ ಶೇ. 30, 40ರ ಹತ್ತಿರ ಇರುವ ಕೋಷ್ಟಕದಲ್ಲಿ ಈ ದಾರಿ ಹಿಡಿಯಬೇಡಿ. ಅಲ್ಲಿ ಭಾಗಾಕಾರವೇ ಮಾಡಬೇಕು. ಒಳದಾರಿ ಹಿಡಿದಾಗ ಉತ್ತರದಲ್ಲಿ «ಸುಮಾರು» ಎಂದು ಬರೆಯುವುದನ್ನು ಮರೆಯಬಾರದು.

ಡಿಫ್ಲೇಟರ್ ಸಾಲಿನ ಕೊನೆಯ ಮೂರು ಅಂಕಿಗಳ ಬಳಿ ಸ್ವಲ್ಪ ನಿಲ್ಲೋಣ, ಏಕೆಂದರೆ ಎಡವುವುದು ಅಲ್ಲಿಯೇ. 110ರಿಂದ 120ಕ್ಕೆ 10 ಅಂಶ, 120ರಿಂದ 130ಕ್ಕೂ 10 ಅಂಶ. ಎರಡೂ ವರ್ಷ ಬೆಲೆಯೇರಿಕೆ ಶೇ. 10 ಎಂದು ಬರೆದರೆ ತಪ್ಪು, ಎರಡೂ ವರ್ಷ ಒಂದೇ ದರದಲ್ಲಿ ಬೆಲೆ ಏರಿತು ಎಂದರೂ ತಪ್ಪು. 110ರ ಮೇಲೆ 10 ಎಂದರೆ ಶೇ. 9.1, 120ರ ಮೇಲೆ 10 ಎಂದರೆ ಶೇ. 8.3. ಸೂಚ್ಯಂಕದ ಅಂಶಗಳ ಅಂತರವು ಶೇಕಡಾವಾರು ಬದಲಾವಣೆಗೆ ಸಮವಾಗುವುದು ಹಿಂದಿನ ಅಂಕಿ ಸರಿಯಾಗಿ 100 ಆಗಿದ್ದಾಗ ಮಾತ್ರ, ಅಂದರೆ ಇಲ್ಲಿ ಎರಡನೆಯ ವರ್ಷಕ್ಕೆ ಮಾತ್ರ. ಇದರ ಹಿಂದೆಯೇ ಇನ್ನೊಂದು ತಪ್ಪು ಬರುತ್ತದೆ. ಐದನೆಯ ವರ್ಷ ಹಣದುಬ್ಬರ 9.1ರಿಂದ 8.3ಕ್ಕೆ ಇಳಿಯಿತು ಎಂದು ಸರಿಯಾಗಿ ಕಂಡುಹಿಡಿದವರೇ ಮುಂದಿನ ಸಾಲಿನಲ್ಲಿ «ಆದ್ದರಿಂದ ಬೆಲೆಗಳು ಇಳಿದವು» ಎಂದು ಬರೆದುಬಿಡುತ್ತಾರೆ. ಬೆಲೆಗಳು ಏರುತ್ತಲೇ ಇವೆ. ಏರುವ ವೇಗ ಮಾತ್ರ ತಗ್ಗಿದೆ. ಹಣದುಬ್ಬರದ ದರ ಸೊನ್ನೆಗಿಂತ ಕೆಳಗೆ ಹೋದಾಗ ಮಾತ್ರ ಬೆಲೆಮಟ್ಟ ಇಳಿಯುತ್ತದೆ. ದರ 9.1ರಿಂದ 8.3ಕ್ಕೆ ಬಂದದ್ದನ್ನು «ಶೇ. 0.8 ಇಳಿಕೆ» ಎನ್ನುವುದೂ ಸರಿಯಲ್ಲ, ಅದು 0.8 ಶೇಕಡಾ ಅಂಶಗಳ ಇಳಿಕೆ. ಶೇಕಡಾವಾರು ಲೆಕ್ಕದಲ್ಲಿ ಹೇಳುವುದಾದರೆ ದರವೇ ಸುಮಾರು ಶೇ. 8ರಷ್ಟು ತಗ್ಗಿದೆ.

ಆಧಾರ ವರ್ಷ ಬದಲಾದರೆ ಇದೆಲ್ಲ ಬದಲಾಗುವುದೇ ಎಂಬ ಅನುಮಾನ ಬರುವುದು ಸಹಜ. ವರ್ಷ 3 ಅನ್ನು 100 ಎಂದು ಇಟ್ಟುಕೊಂಡರೆ ವರ್ಷ 5ರ ಡಿಫ್ಲೇಟರ್ 118.2 ಆಗುತ್ತದೆ, ನೈಜ ಜಿಡಿಪಿ 440 ಇದ್ದದ್ದು 484 ಆಗುತ್ತದೆ. ಆದರೆ ಅದೇ ಬೆಲೆಗಳಲ್ಲಿ ವರ್ಷ 3ರ ನೈಜ ಜಿಡಿಪಿ 495 ಆಗಿರುವುದರಿಂದ ವರ್ಷ 3ರಿಂದ 5ಕ್ಕೆ ಆದ ಇಳಿಕೆ ಮೊದಲಿನ ಲೆಕ್ಕದಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ, ಶೇ. 2.2. ಹೀಗೆ ಸೂಚ್ಯಂಕವನ್ನು ಬೇರೆ ವರ್ಷಕ್ಕೆ ಹೊಂದಿಸಿ ಬರೆದಾಗ ಮೊತ್ತಗಳು ಬದಲಾಗುತ್ತವೆ, ದರಗಳು ಬದಲಾಗುವುದಿಲ್ಲ. ಕೋಷ್ಟಕದ ನಡುವೆ ಎಲ್ಲಾದರೂ ಆಧಾರ ವರ್ಷ ಬದಲಾಗಿದೆ ಎಂದು ಅಡಿಟಿಪ್ಪಣಿ ಹೇಳಿದರೆ ಮಾತ್ರ ಎಚ್ಚರ ಬೇಕು. ಆ ಗೆರೆಯ ಮೇಲಿನ ಅಂಕಿಯನ್ನೂ ಕೆಳಗಿನ ಅಂಕಿಯನ್ನೂ ನೇರವಾಗಿ ಹೋಲಿಸುವಂತಿಲ್ಲ.

ಇಷ್ಟು ಓದಿದ ಮೇಲೆ ಬರೆಯುವ ಉತ್ತರ ಉದ್ದವಾಗಬೇಕಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: «ಚಾಲ್ತಿ ಬೆಲೆಗಳಲ್ಲಿ ಜಿಡಿಪಿ ಪ್ರತಿ ವರ್ಷವೂ ಏರಿದ್ದರೂ, ವರ್ಷ 1ರ ಬೆಲೆಗಳಲ್ಲಿ ತಲಾ ಜಿಡಿಪಿಯು ಸುಮಾರು 80,000ದಿಂದ ಮೂರನೆಯ ವರ್ಷದಲ್ಲಿ 86,500ಕ್ಕೆ ಏರಿ, ಐದನೆಯ ವರ್ಷದ ವೇಳೆಗೆ 81,500ಕ್ಕೆ ಇಳಿದಿದೆ. ನಾಲ್ಕನೆಯ ವರ್ಷ ಚಾಲ್ತಿ ಬೆಲೆಗಳ ಬೆಳವಣಿಗೆಯೂ ಬೆಲೆಯೇರಿಕೆಯೂ ಸುಮಾರು ಶೇ. 9.1 ಆಗಿದ್ದರಿಂದ ಉತ್ಪಾದನೆ ನಿಂತಲ್ಲೇ ನಿಂತಿತು, ಜನಸಂಖ್ಯೆ ಹೆಚ್ಚಿದ್ದರಿಂದ ತಲಾ ಪಾಲು ಇಳಿಯಿತು. ಐದನೆಯ ವರ್ಷ ಉತ್ಪಾದನೆಯೇ ಶೇ. 2.2ರಷ್ಟು ಕುಗ್ಗಿತು. ಹೀಗೆ ಮೊದಲ ಮೂರು ವರ್ಷಗಳ ಲಾಭದ ಬಹುಪಾಲು ಕೊನೆಯ ಎರಡು ವರ್ಷಗಳಲ್ಲಿ ಕರಗಿದೆ.» ಇದರಲ್ಲಿರುವ ಅಂಕಿಗಳಲ್ಲಿ ಹೆಚ್ಚಿನವು ಕೋಷ್ಟಕದಲ್ಲಿ ಇಲ್ಲ, ಅವು ಕೋಷ್ಟಕದಿಂದ ಬಂದವು. ನಾಲ್ಕನೆಯ ಮತ್ತು ಐದನೆಯ ವರ್ಷಗಳ ಇಳಿಕೆಗೆ ಬೇರೆ ಬೇರೆ ಕಾರಣವಿದೆ ಎಂಬುದನ್ನು ಗುರುತಿಸಿದ್ದು ಇಲ್ಲಿನ ಮುಖ್ಯ ಅಂಶ. ಬರಿಯ ತಲಾ ಅಂಕಿಗಳನ್ನು ಬರೆದವರಿಗೆ ಅದು ಕಾಣುವುದಿಲ್ಲ.

ಕೊನೆಗೆ ಒಂದು ವಾಕ್ಯ ಮಿತಿಯ ಬಗ್ಗೆ ಇರಲಿ. ಸರಾಸರಿ ಎಂಬುದು ಹಂಚಿಕೆಯನ್ನು ಹೇಳುವುದಿಲ್ಲ. ತಲಾ ಜಿಡಿಪಿ ಏರಿದ ಮೂರನೆಯ ವರ್ಷದಲ್ಲಿಯೂ ಜನರಲ್ಲಿ ಅರ್ಧದಷ್ಟು ಮಂದಿಯ ಆದಾಯ ಏರದೇ ಇದ್ದಿರಬಹುದು. ಅಲ್ಲದೆ ಡಿಫ್ಲೇಟರ್ ದೇಶದೊಳಗೆ ಉತ್ಪಾದನೆಯಾದ ಎಲ್ಲ ಸರಕು ಸೇವೆಗಳ ಬೆಲೆಯನ್ನು, ಯಂತ್ರೋಪಕರಣಗಳನ್ನೂ ಸೇರಿಸಿ, ಅಳೆಯುತ್ತದೆ. ಮನೆಮಂದಿ ಕೊಳ್ಳುವ ಆಮದು ಸರಕುಗಳ ಬೆಲೆ ಅದರೊಳಗೆ ಬರುವುದಿಲ್ಲ. ಜೀವನವೆಚ್ಚಕ್ಕೆ ಗ್ರಾಹಕ ಬೆಲೆ ಸೂಚ್ಯಂಕವೇ ಹೆಚ್ಚು ಹತ್ತಿರ, ಅದನ್ನು ಈ ಕೋಷ್ಟಕ ಕೊಟ್ಟಿಲ್ಲ. ಮಿತಿ ಹೇಳುವುದೆಂದರೆ «ಅಂಕಿಗಳು ಸಾಲವು» ಎಂದು ಕೈಚೆಲ್ಲುವುದಲ್ಲ. ಯಾವ ಅಂಕಿ ಇದ್ದಿದ್ದರೆ ತೀರ್ಮಾನ ಹೇಗೆ ಬದಲಾಗುತ್ತಿತ್ತು ಎಂದು ಹೆಸರಿಸಿ ಹೇಳುವುದು.

ಇದೇ ಅಂಕಿಗಳನ್ನು ನಕ್ಷೆಯಾಗಿ ಕೊಟ್ಟರೆ ಓದುವ ಕ್ರಮ ಅದೇ, ಮೋಸದ ಜಾಗ ಮಾತ್ರ ಬೇರೆ. ಲಂಬ ಅಕ್ಷದಲ್ಲಿ ಏನಿದೆ, ಅದು ಎಲ್ಲಿಂದ ಶುರುವಾಗುತ್ತದೆ ಎಂಬ ಎರಡನ್ನು ಮೊದಲು ನೋಡಿ. ಚಾಲ್ತಿ ಬೆಲೆಗಳ ಬೆಳವಣಿಗೆ ದರವನ್ನು ರೇಖೆಯಾಗಿ ಬರೆದರೆ 10, 12.5, 9.1, 5.9 ಎಂಬ ಬಿಂದುಗಳು ಸಿಗುತ್ತವೆ. ಮೂರನೆಯ ವರ್ಷದಿಂದ ಗೆರೆ ಕೆಳಮುಖವಾಗಿದೆ. ಅದನ್ನು ನೋಡಿ «ಜಿಡಿಪಿ ಇಳಿಯಿತು» ಎಂದು ಬರೆಯುವವರು ಬಹಳ. ದರದ ನಕ್ಷೆಯಲ್ಲಿ ಗೆರೆ ಸೊನ್ನೆಯ ಮೇಲಿರುವಷ್ಟು ಕಾಲವೂ ಮೊತ್ತ ಏರುತ್ತಲೇ ಇರುತ್ತದೆ. ಆದ್ದರಿಂದ ಇಂಥ ನಕ್ಷೆ ಸಿಕ್ಕಿದೊಡನೆ ಪೆನ್ಸಿಲ್‌ನಿಂದ ಸೊನ್ನೆಯ ಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆಯಿರಿ, ಗೆರೆಯ ಯಾವ ಬದಿಯಲ್ಲಿದ್ದೇವೆ ಎಂಬುದು ಮತ್ತೆ ತಪ್ಪುವುದಿಲ್ಲ. ಸ್ತಂಭನಕ್ಷೆಯಲ್ಲಿ ಇದಕ್ಕೆ ವಿರುದ್ಧದ ತೊಂದರೆ ಇದೆ. 540 ಮತ್ತು 572 ಎಂಬ ಎರಡು ಸ್ತಂಭಗಳನ್ನು 530ರಿಂದ ಶುರುವಾಗುವ ಅಕ್ಷದ ಮೇಲೆ ನಿಲ್ಲಿಸಿದರೆ ಒಂದರ ಎತ್ತರ 10, ಇನ್ನೊಂದರದು 42 ಆಗಿ, ನಾಲ್ಕು ಪಟ್ಟು ಬೆಳೆದಂತೆ ಕಾಣುತ್ತದೆ. ನಿಜವಾದ ವ್ಯತ್ಯಾಸ ಶೇ. 5.9.

ನಕ್ಷೆಯ ಪ್ರಶ್ನೆಗಳಲ್ಲಿ ಸಿದ್ಧಾಂತವನ್ನು ಚೆನ್ನಾಗಿ ಓದಿದವರೇ ಬೀಳುವ ಹಳ್ಳವೊಂದಿದೆ, ನಿಮಗೂ ಇದು ಅನ್ವಯಿಸಬಹುದು. ಒಂದು ಸರಕಿನ ಬೆಲೆ ಎರಡು ವರ್ಷಗಳ ನಡುವೆ 20ರಿಂದ 25ಕ್ಕೆ ಏರಿತು, ಮಾರಾಟ 500 ಘಟಕಗಳಿಂದ 600ಕ್ಕೆ ಏರಿತು ಎಂದು ಅಂಕಿಗಳು ಹೇಳುತ್ತವೆ ಎಂದುಕೊಳ್ಳಿ. ಎರಡು ಬಿಂದುಗಳನ್ನು ಸೇರಿಸಿದರೆ ಮೇಲ್ಮುಖವಾದ ಗೆರೆ ಬರುತ್ತದೆ. ಕೂಡಲೇ «ಇಲ್ಲಿ ಬೇಡಿಕೆಯ ನಿಯಮ ಮುರಿದಿದೆ» ಎಂದು ಬರೆದು, ಬೇಡಿಕೆಯ ಸ್ಥಿತಿಸ್ಥಾಪಕತ್ವ 0.8 ಎಂದು ಲೆಕ್ಕವನ್ನೂ ಹಾಕಿಬಿಡುತ್ತಾರೆ. ಪಠ್ಯದ ಬೇಡಿಕೆ ರೇಖೆಯು ಆದಾಯ, ಅಭಿರುಚಿ, ಇತರ ಬೆಲೆಗಳೆಲ್ಲ ಹಾಗೆಯೇ ಇರುವಾಗ ಬೇರೆ ಬೇರೆ ಬೆಲೆಗೆ ಎಷ್ಟು ಕೊಳ್ಳುತ್ತಿದ್ದರು ಎಂಬುದನ್ನು ತೋರಿಸುತ್ತದೆ. ಅಂಕಿಅಂಶದ ಬಿಂದುಗಳಾದರೋ ಬೇರೆ ಬೇರೆ ಕಾಲದಲ್ಲಿ ಬೇಡಿಕೆಯೂ ಪೂರೈಕೆಯೂ ಸಂಧಿಸಿದ ಜಾಗಗಳು. ಎರಡು ವರ್ಷಗಳ ನಡುವೆ ಜನರ ಆದಾಯ ಏರಿ ಬೇಡಿಕೆ ರೇಖೆಯೇ ಬಲಕ್ಕೆ ಸರಿದಿದ್ದರೆ, ಆ ಎರಡು ಬಿಂದುಗಳು ಪೂರೈಕೆ ರೇಖೆಯನ್ನು ತೋರಿಸುತ್ತಿವೆಯೇ ಹೊರತು ಬೇಡಿಕೆಯನ್ನಲ್ಲ. ಈ ತೊಡಕನ್ನು ಎಲ್ಮರ್ ವರ್ಕಿಂಗ್ ಎಂಬ ಅರ್ಥಶಾಸ್ತ್ರಜ್ಞರು 1927ರಲ್ಲಿಯೇ ಬಿಡಿಸಿ ತೋರಿಸಿದ್ದಾರೆ. ಪ್ರಶ್ನೆಯ ಕೋಷ್ಟಕದಲ್ಲಿ ಪಕ್ಕದಲ್ಲೇ ಆದಾಯದ ಸಾಲೊಂದು ಇದ್ದರೆ, ಪ್ರಶ್ನೆ ತೆಗೆದವರು ನಿಮ್ಮಿಂದ ಕೇಳಲು ಬಯಸುವುದು ಇದನ್ನೇ.

ಅಭ್ಯಾಸಕ್ಕೆ ಹಿಂದಿನ ಪತ್ರಿಕೆಗಳನ್ನು ಬಳಸುವ ಬಗೆಯನ್ನೂ ಸ್ವಲ್ಪ ಬದಲಾಯಿಸಿ. ವಾರಕ್ಕೆ ಮೂರು ಕೋಷ್ಟಕಗಳು ಸಾಕು. ಪ್ರಶ್ನೆಯನ್ನು ಮುಚ್ಚಿ, ಐದು ನಿಮಿಷದಲ್ಲಿ ಪ್ರತಿ ಕಂಬಸಾಲಿಗೆ ಒಂದು ವಾಕ್ಯ ಬರೆಯಿರಿ. ಯಾವ ಎರಡು ಸಾಲುಗಳನ್ನು ಭಾಗಿಸಿದರೆ, ಕಳೆದರೆ ಅರ್ಥವುಳ್ಳ ಮೂರನೆಯದೊಂದು ಹುಟ್ಟುತ್ತದೆ ಎಂದು ಗುರುತಿಸಿ. ಪ್ರಶ್ನೆ ಏನಿರಬಹುದೆಂದು ಊಹಿಸಿ ಬರೆದಿಡಿ. ಆಮೇಲೆ ಕಾಗದ ತೆಗೆದು ನಿಜವಾದ ಪ್ರಶ್ನೆಯನ್ನು ನೋಡಿ. ಊಹೆ ತಪ್ಪಿದ ಕಡೆಯೆಲ್ಲ ನೀವು ಯಾವುದೋ ತಲೆಬರಹವನ್ನೋ ಅಡಿಟಿಪ್ಪಣಿಯನ್ನೋ ಬಿಟ್ಟಿರುತ್ತೀರಿ, ಅದನ್ನು ಹುಡುಕಿ ಅಂಚಿನಲ್ಲಿ ಬರೆದುಕೊಳ್ಳಿ. ಉತ್ತರ ಬರೆದಾದ ಮೇಲೆ ಕೋಷ್ಟಕದಲ್ಲಿ ಹಾಗೆಯೇ ಇರುವ ಅಂಕಿಗಳ ಕೆಳಗೆ ಒಂದು ಬಣ್ಣದಲ್ಲಿ, ನೀವೇ ಲೆಕ್ಕ ಹಾಕಿ ತೆಗೆದ ಅಂಕಿಗಳ ಕೆಳಗೆ ಇನ್ನೊಂದು ಬಣ್ಣದಲ್ಲಿ ಗೆರೆ ಎಳೆಯಿರಿ. ನಿಮಗೆ ಕಡಿಮೆ ಅಂಕ ಬಂದ ಹಳೆಯ ಉತ್ತರವೊಂದನ್ನು ತೆಗೆದು ಮೊದಲು ಅದಕ್ಕೇ ಹೀಗೆ ಗೆರೆ ಎಳೆದು ನೋಡಿ. ಎರಡನೆಯ ಬಣ್ಣ ಅದರಲ್ಲಿ ಎಷ್ಟು ಕಡೆ ಬಂದಿದೆ ಎಂದು ಎಣಿಸಿ.